1 + 2 + 3 + … + n = n(n+1)/2: ಅನುಗಮನದಿಂದ ಸಾಧಿಸುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಈ ಸಾಧನೆ ಬರೆದರೆ ಎಂಟು ಹತ್ತು ಸಾಲು, ಅಷ್ಟೇ. ಬಾಯಿಪಾಠ ಮಾಡಿದವರು ಐದು ನಿಮಿಷದಲ್ಲಿ ಬರೆದುಬಿಡುತ್ತಾರೆ. ಆದರೆ "ಇದು ಯಾಕೆ ಸಾಧನೆ ಆಯ್ತು?" ಎಂದು ಕೇಳಿದರೆ ಪೆನ್ನು ನಿಲ್ಲುತ್ತದೆ. ಅಲ್ಲಿ ನಿಂತ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಕೇಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ.

ಸೂತ್ರ ಹೇಳುವುದೇನು? ಅದು ಎಲ್ಲಿಂದ ಬಂತು?

1 ರಿಂದ ಹಿಡಿದು n ವರೆಗಿನ ಎಲ್ಲ ಸ್ವಾಭಾವಿಕ ಸಂಖ್ಯೆಗಳನ್ನು ಕೂಡಿದರೆ n(n+1)/2 ಬರುತ್ತದೆ. 4 ರವರೆಗೆ ಕೂಡಿದರೆ 10, 100 ರವರೆಗೆ ಕೂಡಿದರೆ 5050.

ನಮ್ಮೂರಿನ ಟೊಮೇಟೊ ಮಾರುಕಟ್ಟೆಯಲ್ಲಿ ಬಾಕ್ಸ್‌ಗಳನ್ನು ಅಡುಕುವುದನ್ನು ನೋಡಿದವರಿಗೆ ಈ ಸೂತ್ರ ಬೇಗ ಕಣ್ಣಿಗೆ ಕಾಣುತ್ತದೆ. ಮೊದಲ ಸಾಲಿನಲ್ಲಿ ಒಂದು ಬಾಕ್ಸ್, ಪಕ್ಕದಲ್ಲಿ ಒಂದರ ಮೇಲೊಂದು ಎರಡು, ಅದರ ಪಕ್ಕ ಮೂರು, ಆಮೇಲೆ ನಾಲ್ಕು. ಮೆಟ್ಟಿಲಿನ ಹಾಗೆ ಏರುತ್ತಾ ಹೋಗುತ್ತದೆ. ಈಗ ಇಂಥದ್ದೇ ಇನ್ನೊಂದು ಮೆಟ್ಟಿಲನ್ನು ತಲೆಕೆಳಗು ಮಾಡಿ ಇದರ ಮೇಲೆ ಕೂರಿಸಿದೆವು ಎಂದಿಟ್ಟುಕೊಳ್ಳಿ. ಒಂದು ಬಾಕ್ಸ್ ಇದ್ದ ಕಡೆ ನಾಲ್ಕು ಬಂದು ಕೂರುತ್ತವೆ, ಎರಡಿದ್ದ ಕಡೆ ಮೂರು, ಮೂರಿದ್ದ ಕಡೆ ಎರಡು, ನಾಲ್ಕಿದ್ದ ಕಡೆ ಒಂದು. ಎಲ್ಲ ಸಾಲಿನ ಎತ್ತರವೂ ಐದೇ. ನಾಲ್ಕು ಸಾಲು, ಐದೈದು ಬಾಕ್ಸ್, ಒಟ್ಟು 20. ಒಂದು ಮೆಟ್ಟಿಲಿನ ಪಾಲು ಅದರ ಅರ್ಧ, 10. n ಸಾಲಿದ್ದರೆ ಎತ್ತರ n+1, ಒಟ್ಟು n(n+1), ಅದರ ಅರ್ಧ ನಮ್ಮ ಸೂತ್ರ.

ಹತ್ತನೇ ತರಗತಿಯ ಸಮಾಂತರ ಶ್ರೇಢಿಯ ಮೊತ್ತದ ಸೂತ್ರದಲ್ಲಿ a = 1, d = 1 ಹಾಕಿದರೂ ಇದೇ ಬರುತ್ತದೆ. ಇಂಥ ಮೊತ್ತಗಳನ್ನು ಕಂಡುಹಿಡಿಯುವ ಕ್ರಮ ನಮ್ಮಲ್ಲಿ ಹಳೆಯದು. 499 ರ ಸುಮಾರಿಗೆ ಆರ್ಯಭಟ ಸಮಾಂತರ ಶ್ರೇಢಿಯ ಮೊತ್ತಕ್ಕೆ ನಿಯಮ ಕೊಟ್ಟಿದ್ದಾನೆ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಶ್ರೇಢಿಗಳ ಲೆಕ್ಕವನ್ನು ವಿಸ್ತಾರವಾಗಿ ಹೇಳಿದ್ದಾನೆ.

ಹತ್ತು ಬೆಲೆ ಹಾಕಿ ನೋಡಿದೆ, ಎಲ್ಲವೂ ಸರಿಬಂತು. ಅಷ್ಟು ಸಾಲದೇ?

ಸಾಲದು. ಯಾಕೆ ಸಾಲದು ಎಂದು ಈ ಮೊತ್ತದಲ್ಲೇ ತೋರಿಸಬಹುದು. ನಾನು ಮಕ್ಕಳಿಗೆ ಒಂದು ಸುಳ್ಳು ಸೂತ್ರ ಕೊಡುತ್ತೇನೆ:

1 + 2 + … + n = n(n+1)/2 + (n−1)(n−2)(n−3)

n = 1 ಹಾಕಿದರೆ ಕೊನೆಯ ಗುಣಲಬ್ಧ ಸೊನ್ನೆ, ಉತ್ತರ 1. n = 2 ಕ್ಕೂ ಸೊನ್ನೆ, ಉತ್ತರ 3. n = 3 ಕ್ಕೂ ಸೊನ್ನೆ, ಉತ್ತರ 6. ಮೂರೂ ಸರಿ. ಹೆಚ್ಚಿನವರು ಪರೀಕ್ಷಿಸುವುದನ್ನು ಇಲ್ಲಿಗೆ ನಿಲ್ಲಿಸುತ್ತಾರೆ. n = 4 ಹಾಕಿ: 10 + 3×2×1 = 16. ನಿಜವಾದ ಮೊತ್ತ 10. ಸೂತ್ರ ಬಿದ್ದುಹೋಯಿತು.

ಇದೇ ಉಪಾಯದಿಂದ (n−1)(n−2)… ಎಂದು (n−100) ವರೆಗೂ ಗುಣಿಸಿ ಸೇರಿಸಿದರೆ, ಮೊದಲ ನೂರು ಬೆಲೆಗೂ ಸರಿಬಂದು ನೂರಾ ಒಂದನೆಯದಕ್ಕೆ ತಪ್ಪುವ ಸೂತ್ರ ಸಿಗುತ್ತದೆ. ಎಷ್ಟು ಬೆಲೆ ಹಾಕಿದರೂ ಹಾಕದೆ ಉಳಿದವು ಯಾವಾಗಲೂ ಇರುತ್ತವೆ. ಅವೆಲ್ಲವನ್ನೂ ಒಂದೇ ಸಲ ಹಿಡಿಯುವ ದಾರಿ ಬೇಕು.

ಬಾಕ್ಸ್‌ಗಳ ಚಿತ್ರ ಆ ಕೆಲಸ ಮಾಡುತ್ತದಲ್ಲ ಎಂದು ಕೇಳುವವರಿದ್ದಾರೆ. ಹೌದು, ಸರಿಯಾಗಿ ನೋಡಿದರೆ ಅದೂ ಸಾಧನೆಯೇ. ಅದನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೆ ಪ್ರತಿ ಸೂತ್ರಕ್ಕೂ ಇಷ್ಟು ಸಲೀಸಾದ ಚಿತ್ರ ಸಿಗುವುದಿಲ್ಲ. ಅನುಗಮನದ ಕ್ರಮವನ್ನು ಈ ಸುಲಭದ ಸೂತ್ರದ ಮೇಲೆ ಕಲಿತರೆ, ಚಿತ್ರ ಸಿಗದ ಕಡೆ ಅದು ಕೈಹಿಡಿಯುತ್ತದೆ.

ಸಾಧನೆಯನ್ನು ಪೂರ್ತಿ ಬರೆದು ತೋರಿಸಿ.

"1 + 2 + … + n = n(n+1)/2" ಎಂಬ ಹೇಳಿಕೆಗೆ P(n) ಎಂದು ಹೆಸರಿಡೋಣ.

ಮೊದಲ ಹಂತ. n = 1 ಆದಾಗ ಎಡಭಾಗ 1. ಬಲಭಾಗ 1×2/2 = 1. ಎರಡೂ ಸಮ. ಆದ್ದರಿಂದ P(1) ಸತ್ಯ.

ಎರಡನೇ ಹಂತ. k ಯಾವುದೋ ಒಂದು ಸ್ವಾಭಾವಿಕ ಸಂಖ್ಯೆ. ಅದಕ್ಕೆ P(k) ಸತ್ಯ ಎಂದಿಟ್ಟುಕೊಳ್ಳೋಣ. ಅಂದರೆ

1 + 2 + … + k = k(k+1)/2

ಮೂರನೇ ಹಂತ. ಈಗ P(k+1) ಸತ್ಯ ಎಂದು ತೋರಿಸಬೇಕು. ಅದರ ಎಡಭಾಗವನ್ನು ಮಾತ್ರ ತೆಗೆದುಕೊಳ್ಳೋಣ:

1 + 2 + … + k + (k+1)

ಇದರಲ್ಲಿ k ವರೆಗಿನ ಭಾಗ ನಮಗೆ ಗೊತ್ತಿರುವುದೇ. ಎರಡನೇ ಹಂತದಲ್ಲಿ ಇಟ್ಟುಕೊಂಡದ್ದನ್ನು ಅಲ್ಲಿ ಹಾಕಿದರೆ

= k(k+1)/2 + (k+1)

ಎರಡು ಪದದಲ್ಲೂ (k+1) ಇದೆ. ಅದನ್ನು ಸಾಮಾನ್ಯವಾಗಿ ಹೊರಗೆ ತೆಗೆದರೆ

= (k+1)(k/2 + 1)
= (k+1)(k+2)/2

ಮೂಲ ಸೂತ್ರದಲ್ಲಿ n ಇದ್ದ ಕಡೆಯೆಲ್ಲ k+1 ಇಟ್ಟರೆ ಬರುವುದು (k+1)((k+1)+1)/2, ಅಂದರೆ ಇದೇ. ಆದ್ದರಿಂದ P(k) ಸತ್ಯವಾದರೆ P(k+1) ಕೂಡ ಸತ್ಯ.

P(1) ಸತ್ಯ, ಪ್ರತಿ k ಯಿಂದ k+1 ಕ್ಕೆ ದಾರಿಯೂ ಇದೆ. ಹಾಗಾಗಿ ಗಣಿತೀಯ ಅನುಗಮನ ತತ್ವದಂತೆ ಎಲ್ಲ ಸ್ವಾಭಾವಿಕ ಸಂಖ್ಯೆ n ಗೂ P(n) ಸತ್ಯ.

n = 1 ಅಂದರೆ ಎಡಭಾಗದಲ್ಲಿದ್ದ 2, 3 ಎಲ್ಲಿ ಹೋದವು?

ಇದನ್ನು ಕೇಳಲು ಮಕ್ಕಳಿಗೆ ಸಂಕೋಚ. ಕೇಳದೆ "1 + 2 + 3 + 1" ಎಂದು ಬರೆದುಬಿಡುತ್ತಾರೆ. "1 + 2 + 3 + … + n" ಎಂಬ ಬರವಣಿಗೆಯ ಅರ್ಥ "1 ರಿಂದ ಶುರುಮಾಡಿ n ಬಂದ ಕೂಡಲೇ ನಿಲ್ಲಿಸು" ಎಂದಷ್ಟೇ. ನಡುವಿನ 2, 3 ಗಳು ಏರಿಕೆ ಹೇಗಿದೆ ಎಂದು ತೋರಿಸಲು ಬರೆದದ್ದು. n = 1 ಆದರೆ ಶುರುವಾದ ಕಡೆಯೇ ನಿಲ್ಲಬೇಕು, ಎಡಭಾಗದಲ್ಲಿ ಇರುವುದು ಒಂದೇ ಪದ. n = 2 ಆದರೆ 1 + 2, ಅಷ್ಟಕ್ಕೇ ಮುಗಿಯಿತು.

ಸಾಧಿಸಬೇಕಾದ್ದನ್ನೇ ಮೊದಲು ಒಪ್ಪಿಕೊಂಡರೆ ಅದು ಮೋಸ ಅಲ್ವಾ ಸಾರ್?

ಪ್ರತಿ ವರ್ಷ ಯಾರಾದರೊಬ್ಬರು ಕೇಳುವ ಪ್ರಶ್ನೆ. ಕೇಳಿದವರು ಪಾಠವನ್ನು ನಿಜವಾಗಿ ಕೇಳಿಸಿಕೊಂಡಿದ್ದಾರೆ ಎಂದು ನನಗೆ ಆಗ ಗೊತ್ತಾಗುತ್ತದೆ, ಖುಷಿಯೂ ಆಗುತ್ತದೆ.

ತೊಡಕಿನ ಅರ್ಧ ಭಾಗ ಮಾತಿನದು. ಎಷ್ಟೋ ಕಡೆ ಎರಡನೇ ಹಂತವನ್ನು "P(k) ಸತ್ಯವೆಂದು ಊಹಿಸಿ" ಎಂದು ಬರೆಯುತ್ತಾರೆ. ಊಹೆ ಎಂದರೆ ನಮ್ಮ ಆಡುಮಾತಿನಲ್ಲಿ ಅಂದಾಜು. ನಾಳೆ ಮಳೆ ಬರಬಹುದು, ಟೊಮೇಟೊ ರೇಟು ಏರಬಹುದು, ಇವು ಊಹೆ. ಸರಿಯೂ ಇರಬಹುದು, ತಪ್ಪೂ ಇರಬಹುದು. ಅಂದಾಜಿನ ಮೇಲೆ ಸಾಧನೆ ಹೇಗೆ ನಿಂತೀತು ಎಂದು ಮಗುವಿಗೆ ಅನ್ನಿಸುವುದು ನ್ಯಾಯವೇ. ಅದಕ್ಕೇ ನಾನು "ಎಂದಿಟ್ಟುಕೊಳ್ಳೋಣ" ಎನ್ನುತ್ತೇನೆ. ಅದು ಸತ್ಯವೋ ಸುಳ್ಳೋ ಎಂಬ ತೀರ್ಪು ಆ ಮಾತಿನಲ್ಲಿಲ್ಲ. ಇಟ್ಟುಕೊಂಡರೆ ಮುಂದೇನು ಬರುತ್ತದೆ ಎಂದು ನೋಡುವುದಷ್ಟೇ.

ಉಳಿದ ಅರ್ಧ ತರ್ಕದ್ದು. ಎರಡು ಮತ್ತು ಮೂರನೇ ಹಂತ ಸೇರಿ ಸಾಧಿಸುವುದು "P(k) ಸತ್ಯ" ಎಂದಲ್ಲ. "P(k) ಸತ್ಯವಾಗಿ*ದ್ದರೆ* P(k+1) ಸತ್ಯ" ಎಂಬ 'ರೆ'ಕಾರದ ಮಾತನ್ನು ಮಾತ್ರ. ಕೋಲಾರದಿಂದ ಬಂಗಾರಪೇಟೆಗೆ ಬಸ್ಸಿದೆ ಎಂದು ಯಾರಾದರೂ ಹೇಳಿದರೆ, ನೀವು ಈಗ ಕೋಲಾರದಲ್ಲಿದ್ದೀರಿ ಎಂದು ಅವರು ಹೇಳಿದ ಹಾಗಲ್ಲ. ಕೋಲಾರ ತಲುಪಿ*ದರೆ* ಬಂಗಾರಪೇಟೆಗೆ ಹೋಗಬಹುದು ಎಂದಷ್ಟೇ. ಹಾಗೆಯೇ ನಮ್ಮ ಎರಡು ಹಂತಗಳು ಒಂದೊಂದು ಊರಿನಿಂದ ಮುಂದಿನ ಊರಿಗೆ ಬಸ್ಸಿದೆ ಎಂದು ತೋರಿಸುತ್ತವೆ. ನಾವು ನಿಜವಾಗಿ ಎಲ್ಲಿ ನಿಂತಿದ್ದೇವೆ ಎಂದು ಹೇಳುವುದು ಮೊದಲ ಹಂತ: n = 1 ರಲ್ಲಿ.

ಸಂಖ್ಯೆ ಹಿಡಿದು ನಡೆದು ನೋಡಿ. P(1) ಅನ್ನು ನಾವು ಕೈಯಾರೆ ಲೆಕ್ಕ ಮಾಡಿದ್ದೇವೆ, ಅಲ್ಲಿ ಇಟ್ಟುಕೊಂಡದ್ದು ಏನೂ ಇಲ್ಲ. k = 1 ಎಂದು ತೆಗೆದುಕೊಂಡರೆ ಮೂರನೇ ಹಂತ P(2) ಅನ್ನು ಕೊಡುತ್ತದೆ: 1 + 2 = 3 = 2×3/2. ಈಗ P(2) ಕೂಡ ಸಾಧಿತ. k = 2 ಎಂದರೆ P(3): 3 + 3 = 6 = 3×4/2. k = 7 ರ ಹೊತ್ತಿಗೆ ನಮ್ಮ ಕೈಯಲ್ಲಿ 28 ಇರುತ್ತದೆ, ಅದಕ್ಕೆ 8 ಸೇರಿಸಿದರೆ 36, ಸೂತ್ರ ಹೇಳುವುದೂ 8×9/2 = 36. ಪ್ರತಿ ಸಲವೂ "ಇಟ್ಟುಕೊಂಡದ್ದು" ಆ ಹೊತ್ತಿಗೆ ಸಾಧಿತವಾಗಿಯೇ ಇರುತ್ತದೆ. ಸಾಲ ಮಾಡಿದ್ದು ಎಲ್ಲೂ ಬಾಕಿ ಉಳಿಯುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಎರಡನೇ ಹಂತದಲ್ಲಿ "*ಎಲ್ಲ* k ಗೂ P(k) ಸತ್ಯ ಎಂದಿಟ್ಟುಕೊಳ್ಳೋಣ" ಎಂದು ಬರೆದರೆ ಅದು ಸಾಧಿಸಬೇಕಾದ್ದನ್ನೇ ಒಪ್ಪಿಕೊಂಡ ಹಾಗೆಯೇ. "ಯಾವುದೋ ಒಂದು k ಗೆ" ಎಂಬ ಮಾತು ಇರಲೇಬೇಕು. ಆ ಎರಡು ಪದ ಬಿಟ್ಟುಹೋದರೆ ಪ್ರಶ್ನೆ ಕೇಳಿದ ಮಗುವಿನ ಅನುಮಾನವೇ ಸರಿ.

n ಇರುವಾಗ k ಯಾಕೆ ಬೇಕು?

n ಎಂದರೆ ಹೇಳಿಕೆಯಲ್ಲಿ ಎಲ್ಲ ಸಂಖ್ಯೆಗಳೂ ಬಂದು ಕೂರುವ ಜಾಗ. k ಎಂದರೆ ಆ ಹೊತ್ತಿಗೆ ನಾವು ಹಿಡಿದು ನಿಲ್ಲಿಸಿಕೊಂಡ ಒಂದು ಸಂಖ್ಯೆ. ಅದರ ಬೆಲೆ ಹೇಳುವುದಿಲ್ಲ, ಆದರೆ ಲೆಕ್ಕ ಮುಗಿಯುವವರೆಗೆ ಬದಲಾಯಿಸುವುದೂ ಇಲ್ಲ. ಬೇರೆ ಅಕ್ಷರ ಇಟ್ಟರೆ ಎರಡೂ ಬೆರೆಯುವುದಿಲ್ಲ.

ಮೂರನೇ ಹಂತದಲ್ಲಿ ಉತ್ತರ ಬರುವುದೇ ಇಲ್ಲ. ತಪ್ಪು ಎಲ್ಲಾಗುತ್ತದೆ?

ಕಳೆದ ಬಾರಿ ನನ್ನ ಕೈಗೆ ಬಂದ ಒಂದು ನೋಟ್‌ಬುಕ್ಕಿನಲ್ಲಿ ಹೀಗಿತ್ತು:

k(k+1)/2 + (k+1) = [k(k+1) + (k+1)]/2 = (k+1)(k+1)/2

ಕೊನೆಗೆ (k+2) ಬರಬೇಕಿತ್ತು, (k+1) ಬಂತು. ಆ ಹುಡುಗಿ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ (k+1)(k+2)/2 ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು. ಎಲ್ಲಿ ತಪ್ಪಿತು ಎಂದು ಸಿಕ್ಕಿರಲಿಲ್ಲ, ಎಲ್ಲಿಗೆ ಮುಟ್ಟಬೇಕು ಎಂದು ಮಾತ್ರ ಗೊತ್ತಿತ್ತು.

ನಾನು ಹೇಳಿದೆ: "ಪ್ರತಿ ಸಾಲಿನಲ್ಲೂ k = 1 ಹಾಕಮ್ಮ." ಮೊದಲ ಸಾಲು 1 + 2 = 3. ಎರಡನೆಯದು (2 + 2)/2 = 2. ಮೂರರಿಂದ ಎರಡಕ್ಕೆ ಇಳಿಯಿತು, ಹಾಗಾದರೆ ತಪ್ಪು ಆ ಎರಡು ಸಾಲಿನ ನಡುವೆಯೇ ಇದೆ. "ಛೇದ ಎರಡು ಮಾಡುವಾಗ ಆ (k+1) ಅನ್ನು ಎರಡರಿಂದ ಗುಣಿಸಿಲ್ಲ ಸಾರ್" ಎಂದು ತಾನೇ ಹಿಡಿದಳು. ಸರಿಯಾದ ಸಾಲು [k(k+1) + 2(k+1)]/2. ಅದರಲ್ಲಿ k = 1 ಹಾಕಿದರೆ (2 + 4)/2 = 3. ಅಲ್ಲಿಂದ (k+1)(k+2)/2 ತಾನಾಗಿ ಬರುತ್ತದೆ.

k = 1 ಹಾಕಿ ನೋಡುವುದು ಸಾಧನೆಯ ಭಾಗವಲ್ಲ, ಕರಡು ಹಾಳೆಯ ಕೆಲಸ. ಸಾಲುಗಳ ಬೆಲೆ ಒಂದೇ ಬಂದರೆ ತಪ್ಪಿಲ್ಲ ಎಂದು ಖಚಿತವಾಗುವುದಿಲ್ಲ. ಆದರೆ ಬೇರೆ ಬೇರೆ ಬಂದರೆ ತಪ್ಪು ಯಾವ ಸಾಲಿನಲ್ಲಿದೆ ಎಂದು ಕೂಡಲೇ ಸಿಗುತ್ತದೆ.

ಇನ್ನೊಂದು ಅಭ್ಯಾಸ: ಬ್ರಾಕೆಟ್ಟನ್ನೆಲ್ಲ ಬಿಡಿಸಿ (k² + k + 2k + 2)/2, ಅಂದರೆ (k² + 3k + 2)/2 ಎಂದು ಬರೆದು, ಆಮೇಲೆ ಅಪವರ್ತಿಸಲು ಒದ್ದಾಡುವುದು. ತಪ್ಪೇನಲ್ಲ, ಕೊನೆಗೆ ಅಲ್ಲಿಗೇ ಮುಟ್ಟುತ್ತದೆ. ಆದರೆ (k+1) ಎರಡೂ ಕಡೆ ಕಣ್ಣೆದುರೇ ಇರುವಾಗ ಅದನ್ನು ಬಿಡಿಸಿ ಮತ್ತೆ ಕಟ್ಟುವುದು ಯಾಕೆ?

P(k+1) ರ ಎರಡೂ ಬದಿ ಬರೆದು ಕೊನೆಗೆ 0 = 0 ತಂದರೆ ಸಾಧನೆ ಆಗುವುದಿಲ್ಲವೇ?

ಹಾಗೆ ಬರೆಯಬೇಡಿ. "1 + … + (k+1) = (k+1)(k+2)/2" ಎಂದು ಸಮ ಚಿಹ್ನೆ ಹಾಕಿ ಶುರುಮಾಡಿದ ಕೂಡಲೇ ಸಾಧಿಸಬೇಕಾದ್ದನ್ನು ಒಪ್ಪಿಕೊಂಡಾಯಿತು. ಸುಳ್ಳಿನಿಂದ ಹೊರಟರೂ ನಿಜಕ್ಕೆ ಮುಟ್ಟಬಹುದು: 1 = 2 ಎಂದು ಬರೆದು ಎರಡೂ ಕಡೆ ಸೊನ್ನೆಯಿಂದ ಗುಣಿಸಿದರೆ 0 = 0 ಬರುತ್ತದೆ. ಎಡಭಾಗದಿಂದ ಹೊರಡಿ, ಬಲಭಾಗಕ್ಕೆ ನಡೆದು ಮುಟ್ಟಿ. ಮುಟ್ಟಬೇಕಾದ ಗುರಿಯನ್ನು ಕರಡು ಹಾಳೆಯಲ್ಲಿ ಬರೆದಿಟ್ಟುಕೊಳ್ಳಲು ಅಡ್ಡಿಯಿಲ್ಲ.

ಮೊದಲ ಹಂತ ಬರೀ ಶಾಸ್ತ್ರಕ್ಕೆ ತಾನೇ? 1 = 1 ಎಂದು ಎಲ್ಲರಿಗೂ ಗೊತ್ತು.

ಅದನ್ನು ಬಿಟ್ಟರೆ ಏನಾಗುತ್ತದೆ ಎಂದು ಮಾಡಿಯೇ ನೋಡೋಣ. ಇನ್ನೊಂದು ಸುಳ್ಳು ಸೂತ್ರ:

1 + 2 + … + n = n(n+1)/2 + 5

k ಗೆ ಇದು ಸತ್ಯ ಎಂದಿಟ್ಟುಕೊಳ್ಳಿ. ಎರಡೂ ಕಡೆ (k+1) ಸೇರಿಸಿ. ಬಲಭಾಗ k(k+1)/2 + (k+1) + 5, ಅಂದರೆ (k+1)(k+2)/2 + 5. ಅದೇ ಸೂತ್ರ, n ಜಾಗದಲ್ಲಿ k+1. ಮೂರನೇ ಹಂತ ಒಂದು ಕೊಂಕೂ ಇಲ್ಲದೆ ಪಾಸಾಯಿತು! ಆದರೂ ಸೂತ್ರ ಒಂದೇ ಒಂದು ಸಂಖ್ಯೆಗೂ ಸರಿಯಲ್ಲ. n = 1 ಹಾಕಿದರೆ ಎಡಭಾಗ 1, ಬಲಭಾಗ 6. ಊರಿಂದ ಊರಿಗೆ ಬಸ್ಸೇನೋ ಇದೆ, ಆದರೆ ಹತ್ತಲು ನಾವು ಯಾವ ಊರಿನಲ್ಲೂ ಇಲ್ಲ.

ಮೊದಲು ಹೇಳಿದ ಸುಳ್ಳು ಸೂತ್ರದ್ದು ಇದಕ್ಕೆ ತದ್ವಿರುದ್ಧ. ಅದರ ಮೊದಲ ಹಂತ ಸರಿ ಇತ್ತು. ಮೂರನೇ ಹಂತ ಮಾಡಿ ನೋಡಿ: k ಯಿಂದ k+1 ಕ್ಕೆ ಹೋದಾಗ ಬಲಭಾಗ ಸರಿಯಾಗಿ k+1 ರಷ್ಟು ಏರಬೇಕು. ಅಲ್ಲಿ ಅದು ಏರುವುದು (k+1) + 3(k−1)(k−2) ರಷ್ಟು. k = 1, k = 2 ಕ್ಕೆ ಹೆಚ್ಚುವರಿ ಭಾಗ ಸೊನ್ನೆ, ಹಾಗಾಗಿ P(2), P(3) ರವರೆಗೆ ಬಸ್ಸು ಬಂತು. k = 3 ಕ್ಕೆ ಹೆಚ್ಚುವರಿ 6. ಏರಬೇಕಾದ್ದು 4, ಏರಿದ್ದು 10. ಅದಕ್ಕೇ 10 ರ ಬದಲು 16 ಬಂದದ್ದು. ಒಂದು ಸೂತ್ರ ಮೊದಲ ಹಂತದಲ್ಲಿ ಬೀಳುತ್ತದೆ, ಇನ್ನೊಂದು ಮೂರನೆಯದರಲ್ಲಿ. ಈ ಎರಡನ್ನೂ ಸ್ವತಃ ಬರೆದು ನೋಡಿದ ಮಕ್ಕಳು ಆಮೇಲೆ ಯಾವ ಹಂತವನ್ನೂ ಬಿಡುವುದಿಲ್ಲ.

ಒಂದೊಂದೇ ಮೆಟ್ಟಿಲು ಹತ್ತುತ್ತಾ ಹೋದರೆ ಎಲ್ಲ ಸಂಖ್ಯೆ ಮುಗಿಯುವುದು ಯಾವಾಗ?

ಮುಗಿಸಬೇಕಾಗಿಲ್ಲ. ತಿರುಗಿಸಿ ಯೋಚಿಸಿ. ಸೂತ್ರ ಎಲ್ಲೋ ತಪ್ಪುತ್ತದೆ ಎಂದು ಯಾರಾದರೂ ವಾದ ಮಾಡಲಿ. ತಪ್ಪುವ ಸಂಖ್ಯೆಗಳಲ್ಲೆಲ್ಲ ತೀರಾ ಚಿಕ್ಕದನ್ನು ತೋರಿಸು ಎನ್ನೋಣ. ಅದನ್ನು m ಎಂದು ಕರೆಯೋಣ. m = 1 ಆಗಿರಲಾರದು, P(1) ಅನ್ನು ಲೆಕ್ಕ ಮಾಡಿದ್ದೇವೆ. ಹಾಗಾದರೆ m ಗಿಂತ ಒಂದು ಹಿಂದೆ m−1 ಇದೆ. m ತಪ್ಪುವವುಗಳಲ್ಲಿ ತೀರಾ ಚಿಕ್ಕದು, ಆದ್ದರಿಂದ m−1 ಕ್ಕೆ ಸೂತ್ರ ಸರಿ. ಆದರೆ m−1 ಕ್ಕೆ ಸರಿಯಾದರೆ m ಗೂ ಸರಿ ಎಂದು ಮೂರನೇ ಹಂತ ಹೇಳುತ್ತದೆ. m ಗೆ ತಪ್ಪು ಎಂದೂ ಸರಿ ಎಂದೂ ಎರಡೂ ಆಗಲಾರದು. ಆದ್ದರಿಂದ ಅಂಥ m ಇಲ್ಲವೇ ಇಲ್ಲ.

ಈ ವಾದ ನಿಂತಿರುವುದು ಸ್ವಾಭಾವಿಕ ಸಂಖ್ಯೆಗಳ ಒಂದು ಗುಣದ ಮೇಲೆ: ಅವುಗಳ ಯಾವ ಗುಂಪು ತೆಗೆದುಕೊಂಡರೂ, ಅದು ಖಾಲಿಯಲ್ಲದಿದ್ದರೆ, ಅದರಲ್ಲಿ ತೀರಾ ಚಿಕ್ಕದು ಒಂದು ಇದ್ದೇ ಇರುತ್ತದೆ. ಸೊನ್ನೆಗಿಂತ ದೊಡ್ಡ ಭಿನ್ನರಾಶಿಗಳಿಗೆ ಆ ಗುಣವಿಲ್ಲ, ಯಾವುದನ್ನು ತೋರಿಸಿದರೂ ಅದರ ಅರ್ಧ ಇನ್ನೂ ಚಿಕ್ಕದು. ಹಾಗಾಗಿ n = 2.5 ಎಂದು ಈ ಕ್ರಮದಲ್ಲಿ ಹಾಕುವಂತಿಲ್ಲ.

ತರ್ಕಶಾಸ್ತ್ರದಲ್ಲಿ ಅನುಗಮನ ಎಂದರೆ ಕೆಲವನ್ನು ನೋಡಿ ಎಲ್ಲಕ್ಕೂ ಹೇಳುವುದು. ಇದೂ ಹಾಗೆಯೇನಾ?

ಹೆಸರು ಒಂದೇ, ಕೆಲಸ ಬೇರೆ. ಕಂಡ ಕಾಗೆಗಳೆಲ್ಲ ಕಪ್ಪು, ಆದ್ದರಿಂದ ಎಲ್ಲ ಕಾಗೆಯೂ ಕಪ್ಪು ಎನ್ನುವುದು ತರ್ಕಶಾಸ್ತ್ರದ ಅನುಗಮನ. ಅಲ್ಲಿ ನಾಳೆ ಬಿಳಿ ಕಾಗೆ ಕಾಣಿಸಬಹುದು. ಗಣಿತೀಯ ಅನುಗಮನದಲ್ಲಿ ಪ್ರತಿ ಸಾಲೂ ಹಿಂದಿನ ಸಾಲಿನಿಂದ ತಪ್ಪದೆ ಬರುತ್ತದೆ, ಅದು ನಿಜದಲ್ಲಿ ನಿಗಮನವೇ.

ಅನುಗಮನದಿಂದಲೇ ಸೂತ್ರವನ್ನು ಕಂಡುಹಿಡಿಯಬಹುದೇ?

ಇಲ್ಲ. ಸೂತ್ರವನ್ನು ಮೊದಲು ಬೇರೆ ದಾರಿಯಲ್ಲಿ ಹುಡುಕಿಕೊಳ್ಳಬೇಕು: ಬಾಕ್ಸ್ ಜೋಡಿಸಿ, ಬೆಲೆಗಳ ಪಟ್ಟಿ ಮಾಡಿ, ಅಥವಾ ಹಳೆಯ ಸೂತ್ರದಿಂದ. ಅದು ಸರಿಯೋ ಅಲ್ಲವೋ ಎಂದು ಒರೆಗೆ ಹಚ್ಚುವುದು ಅನುಗಮನದ ಕೆಲಸ.

ಬೇರೆ ಮೊತ್ತಕ್ಕೂ ಇದೇ ಸಾಲುಗಳನ್ನು ಬರೆದರೆ ಆಯಿತೇ?

ಚೌಕಟ್ಟು ಅದೇ, ಸೇರಿಸುವ ಪದ ಮಾತ್ರ ಬದಲಾಗುತ್ತದೆ. ಅಲ್ಲೇ ಬಾಯಿಪಾಠ ಮಾಡಿದವರು ಎಡವುವುದು. 1 + 3 + 5 + … + (2n−1) = n² ಎಂಬುದನ್ನು ತೆಗೆದುಕೊಳ್ಳಿ. k² ಎಂದಿಟ್ಟುಕೊಂಡ ಮೇಲೆ ಎಷ್ಟೋ ಮಕ್ಕಳು ಅಭ್ಯಾಸಬಲದಿಂದ (k+1) ಸೇರಿಸುತ್ತಾರೆ. k² + k + 1 ಬರುತ್ತದೆ, ಅದು ವರ್ಗವಾಗುವುದಿಲ್ಲ, ಅಲ್ಲಿಗೆ ನಿಂತುಬಿಡುತ್ತಾರೆ. ಸೇರಿಸಬೇಕಾದ್ದು ಆ ಶ್ರೇಢಿಯ ಮುಂದಿನ ಪದ. 2n−1 ರಲ್ಲಿ n ಜಾಗಕ್ಕೆ k+1 ಹಾಕಿದರೆ ಸಿಗುವುದು 2(k+1) − 1, ಅಂದರೆ 2k+1. ಈಗ k² + 2k + 1 = (k+1)². ನಮ್ಮ ಮೊತ್ತದಲ್ಲಿ k+1 ಸೇರಿಸಿದ್ದು ಕೂಡ, ಅಲ್ಲಿಯ (k+1)ನೆಯ ಪದ k+1 ಆಗಿದ್ದರಿಂದ ಮಾತ್ರ.